ನಿಮ್ಮ ಠೇವು ಈಗ ಯಾರ ಕಿಸೆಯಲ್ಲಿದೆ? ಭಿಶಿ ಮತ್ತು ಸೊಸೈಟಿ ಲೆಕ್ಕದ ಬಗ್ಗೆ ಒಂದು ಮಾತು

(ಧಾರವಾಡದಲ್ಲಿ ನಿವೃತ್ತರ ಕೂಟವೊಂದು ಕರೆದಾಗ ಆಡಿದ ಮಾತು ಇದು. ಕೆಲವರು ಬರೆದುಕೊಡಿ ಎಂದು ಕೇಳಿದ್ದರಿಂದ ಬರೆದಿದ್ದೇನೆ. ಮಾತಿನಲ್ಲಿ ದಾರಿ ತಪ್ಪಿದ ಕಡೆ ಸ್ವಲ್ಪ ಕತ್ತರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲಿಗೆ ನನ್ನದೇ ಪೆದ್ದತನದ ಕತೆ ಹೇಳಿಬಿಡುತ್ತೇನೆ.

ನಾನು ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡಿಯೇ ಸಂಬಳ ಉಂಡವನು. ಗದಗ, ರೋಣ, ಶಿರಹಟ್ಟಿ, ಹಾವೇರಿ, ಬ್ಯಾಡಗಿ ಕಡೆಯ ಎಷ್ಟೋ ಸೊಸೈಟಿಗಳ ಖಾತೆ ಪುಸ್ತಕ ತಿರುವಿದ್ದೇನೆ. ಅಂಥ ನಾನೇ ಗದುಗಿನಲ್ಲಿದ್ದಾಗ ಒಂದು ಭಿಶಿಯಲ್ಲಿ ರೊಕ್ಕ ಕಳೆದುಕೊಂಡೆ. ನಡೆಸುತ್ತಿದ್ದವರು ನಮ್ಮ ಓಣಿಯವರೇ. ಬೆಳಿಗ್ಗೆ ಎದುರಿಗೆ ಸಿಕ್ಕರೆ "ಚಾ ಆತೇನ್ರೀ ಸರ" ಎಂದು ಕೇಳುವವರು. ಹದಿನಾರು ತಿಂಗಳು ತಪ್ಪದೆ ಕಟ್ಟಿದೆ. ಹದಿನೇಳನೆಯ ತಿಂಗಳು ಹೋದರೆ ಮನೆಗೆ ಬೀಗ. ಮನೆಗೆ ಬಂದು ಕಾಗದ ಹುಡುಕಿದೆ. ಸಿಕ್ಕಿದ್ದು ಒಂದು ಸಣ್ಣ ಡೈರಿ. ಅದರಲ್ಲಿ ಕಟ್ಟಿದ ತಾರೀಕುಗಳೆಲ್ಲ ಇದ್ದವು, ಆದರೆ ಬರೆದದ್ದು ನಾನೇ. ಅವರ ಸಹಿ ಒಂದೂ ಇರಲಿಲ್ಲ. ಊರಿನ ಸೊಸೈಟಿಗಳಿಗೆಲ್ಲ "ವೌಚರ್ ಎಲ್ಲಿ, ಸಹಿ ಎಲ್ಲಿ" ಎಂದು ಗದರಿಸಿದವನು ನಾನು!

ಅವತ್ತು ಕೂತು ಒಂದು ವಿಷಯ ಯೋಚಿಸಿದೆ. ನನ್ನ ರೊಕ್ಕ ಅವರು ಓಡಿಹೋಗುವ ದಿನ ಕಳೆದದ್ದಾ? ಅಲ್ಲ. ಅದು ಎಷ್ಟೋ ತಿಂಗಳ ಹಿಂದೆಯೇ ಬೇರೆಯವರ ಕಿಸೆ ಸೇರಿತ್ತು. ನನಗೆ ಗೊತ್ತಾದದ್ದು ಮಾತ್ರ ಹದಿನೇಳನೆಯ ತಿಂಗಳು.

ಭಿಶಿ ನಿಮಗೆಲ್ಲ ಗೊತ್ತಿರುವುದೇ. ಬೆಂಗಳೂರು ಕಡೆ ಚೀಟಿ ಎನ್ನುತ್ತಾರೆ. ಆದರೂ ಒಮ್ಮೆ ಲೆಕ್ಕ ಹಾಕೋಣ. ಇಪ್ಪತ್ತು ಜನ, ತಿಂಗಳಿಗೆ 5,000 ರೂಪಾಯಿ, ಇಪ್ಪತ್ತು ತಿಂಗಳು. ಅಂದರೆ ಒಂದು ಲಕ್ಷದ ಚೀಟಿ. ನಾಲ್ಕನೆಯ ತಿಂಗಳು ಯಾರಿಗೋ ಮಗಳ ಮದುವೆ. ಅವರು 25,000 ಬಿಟ್ಟುಕೊಟ್ಟು 75,000ಕ್ಕೆ ಚೀಟಿ ಎತ್ತುತ್ತಾರೆ. ಬಿಟ್ಟ 25,000ದಲ್ಲಿ ನಡೆಸುವವರ ಕಮಿಷನ್ 5,000 ಹೋಗುತ್ತದೆ. ಉಳಿದ 20,000 ಇಪ್ಪತ್ತು ಜನಕ್ಕೆ ಹಂಚಿದರೆ ತಲೆಗೆ ಸಾವಿರ. ಹಾಗಾಗಿ ಆ ತಿಂಗಳು ಎಲ್ಲರೂ ನಾಲ್ಕು ಸಾವಿರ ಕಟ್ಟಿದರೆ ಸಾಕು. ಎತ್ತಿದವರಿಗೆ ಇದು ಸಾಲ. ಎತ್ತದವರಿಗೆ ಇದು ಉಳಿತಾಯ. ವ್ಯವಹಾರ ಚೆಂದವೇ ಇದೆ, ಅದರಲ್ಲಿ ದೋಷ ಇಲ್ಲ.

ಈಗ ಹದಿನಾರು ತಿಂಗಳು ಮುಗಿದಿದೆ ಎಂದುಕೊಳ್ಳಿ. ಹದಿನಾರು ಜನ ಎತ್ತಿದ್ದಾರೆ. ನಾಲ್ಕು ಜನ ಉಳಿದಿದ್ದೀರಿ. ನೀವು ನಾಲ್ವರೂ ತಲಾ ಸುಮಾರು 66 ಸಾವಿರ ಕಟ್ಟಿರುತ್ತೀರಿ. ಆ ರೊಕ್ಕ ಯಾವ ತಿಜೋರಿಯಲ್ಲಿದೆ? ಯಾವ ತಿಜೋರಿಯಲ್ಲೂ ಇಲ್ಲ. ಅದು ಎತ್ತಿದ ಹದಿನಾರು ಜನರ ಮನೆಯ ಮದುವೆಗೆ, ಟ್ರ್ಯಾಕ್ಟರಿಗೆ, ಬೋರ್‌ವೆಲ್ಲಿಗೆ ಹೋಗಿ ಮುಗಿದಿದೆ. ಅವರು ಮುಂದಿನ ನಾಲ್ಕು ತಿಂಗಳು ಕಟ್ಟಿದರೆ ಮಾತ್ರ ನಿಮ್ಮ ಗಂಟು ಬರುತ್ತದೆ. ಆದರೆ ಅವರಿಗೆ ಬರಬೇಕಾದದ್ದು ಬಂದಾಗಿದೆ. ಇನ್ನು ಕಟ್ಟುವುದು ಬರೀ ಮರ್ಯಾದೆಗಾಗಿ ಅಥವಾ ಭಯಕ್ಕಾಗಿ.

ಅದಕ್ಕೇ ಭಿಶಿಗೆ ಸೇರುವ ಮೊದಲು ಕೇಳಬೇಕಾದ ಪ್ರಶ್ನೆ "ನಡೆಸುವವರು ಒಳ್ಳೆಯವರಾ" ಎನ್ನುವುದಲ್ಲ. "ಎತ್ತಿದವರ ಹತ್ತಿರ ಏನು ಬರೆಸಿಕೊಳ್ಳುತ್ತೀರಿ, ಜಾಮೀನು ಯಾರು" ಎಂದು ಕೇಳಬೇಕು. ನಮ್ಮ ಓಣಿಯವರು ಒಳ್ಳೆಯ ಮನುಷ್ಯರೇ ಆಗಿದ್ದರು. ಎತ್ತಿದ ಮೂವರು ಕಟ್ಟುವುದು ಬಿಟ್ಟರು. ಇವರು ಮೊದಲು ಕೈಯಿಂದ ಹಾಕಿದರು, ಆಮೇಲೆ ಇನ್ನೊಂದು ಭಿಶಿ ಶುರು ಮಾಡಿ ಅದರ ರೊಕ್ಕ ಇದಕ್ಕೆ ಹಾಕಿದರು. ಕೊನೆಗೆ ಎರಡೂ ಮುಳುಗಿದವು. ಒಬ್ಬರೇ ಒಂದರ ಬೆನ್ನಿಗೆ ಒಂದು ಭಿಶಿ ಶುರು ಮಾಡುತ್ತಿದ್ದರೆ ವ್ಯವಹಾರ ಜೋರಾಗಿದೆ ಎಂದುಕೊಳ್ಳಬೇಡಿ. ಹಳೆಯದರ ತೂತು ಹೊಸದರಿಂದ ಮುಚ್ಚುತ್ತಿರಬಹುದು.

ಕಾನೂನು ಈ ತೂತಿಗೆ ಒಂದು ಮುಚ್ಚಳ ಮಾಡಿದೆ. 1982ರ ಚೀಟಿ ನಿಧಿ ಕಾಯ್ದೆ. ಅದರ ಪ್ರಕಾರ ಚೀಟಿ ಶುರು ಮಾಡುವ ಮೊದಲೇ ಮಂಜೂರಾತಿ ಬೇಕು. ನಡೆಸುವವರು, ಕಾಯ್ದೆಯ ಭಾಷೆಯಲ್ಲಿ ಫೋರ್‌ಮನ್, ಚೀಟಿ ಮೊತ್ತಕ್ಕೆ ತಕ್ಕ ಭದ್ರತೆಯನ್ನು ನಿಬಂಧಕರ, ಅಂದರೆ ಸರ್ಕಾರದ ರಿಜಿಸ್ಟ್ರಾರರ, ಹೆಸರಿನಲ್ಲಿ ಇಡಬೇಕು. ಒಪ್ಪಂದದ ಪ್ರತಿ ನಿಬಂಧಕರಲ್ಲಿ ದಾಖಲಾಗಬೇಕು. ಎಲ್ಲ ಸದಸ್ಯರು ಭರ್ತಿಯಾದ ಮೇಲೆ ಪ್ರಾರಂಭ ಪತ್ರ ಬರಬೇಕು, ಆಮೇಲೆಯೇ ಮೊದಲ ಸವಾಲು, ಅಂದರೆ ಚೀಟಿಯ ಹರಾಜು. ಪ್ರತಿ ಸವಾಲಿಗೂ ನಡಾವಳಿ ಬರೆಯಬೇಕು. ಎತ್ತಿದವರಿಂದ ಜಾಮೀನು ಪಡೆಯಬೇಕು. ಕಮಿಷನ್ ಮೊದಲು ನೂರಕ್ಕೆ ಐದರ ಮೇಲೆ ಹೋಗುವಂತಿರಲಿಲ್ಲ, 2019ರ ತಿದ್ದುಪಡಿಯಲ್ಲಿ ಏಳಕ್ಕೆ ಏರಿಸಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಇಲ್ಲೇ ಮೋಸ ಹೋಗುತ್ತಾರೆ. ಕಂಪನಿ ನೋಂದಣಿ ಬೇರೆ, ಚೀಟಿ ಗುಂಪಿನ ನೋಂದಣಿ ಬೇರೆ. ಗೋಡೆಗೆ ಕಟ್ಟು ಹಾಕಿಸಿ ತೂಗುಬಿಟ್ಟ ಕಂಪನಿ ಸರ್ಟಿಫಿಕೇಟು ತೋರಿಸುತ್ತಾರೆ, ಜಿಎಸ್‌ಟಿ ನಂಬರು ತೋರಿಸುತ್ತಾರೆ. ಅದರಿಂದ ನಿಮಗೆ ಏನೂ ಸಿಗುವುದಿಲ್ಲ. ನೀವು ಸೇರುವ ಆ ಒಂದು ಗುಂಪಿಗೆ ಮಂಜೂರಾತಿ ನಂಬರು, ತಾರೀಕು ಇದೆಯಾ ಎಂದು ಕೇಳಿ. ಚೀಟಿಗೆ ಜನ ಕರೆಯುವ ಜಾಹೀರಾತಿನಲ್ಲೂ ಅದನ್ನು ಹಾಕಬೇಕು ಎಂದು ಕಾಯ್ದೆ ಹೇಳುತ್ತದೆ. ನಂಬರು ಬರೆದುಕೊಂಡು ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ ಹೋಗಿ. ನಮ್ಮ ರಾಜ್ಯದಲ್ಲಿ ಚೀಟಿಯ ಕೆಲಸವೂ ಸಹಕಾರ ಇಲಾಖೆಯದೇ. ನೋಂದಣಿ ಆದ ಚೀಟಿಯಲ್ಲಿ ತಕರಾರು ಬಂದರೆ ನಿಬಂಧಕರ ಮುಂದೆಯೇ ದಾವೆ ಹಾಕಬಹುದು. ನನ್ನ ಡೈರಿಯಂಥದ್ದನ್ನು ಹಿಡಿದುಕೊಂಡು ಹೋದರೆ ಅವರು ಚಾ ಕುಡಿಸಿ ಕಳಿಸುತ್ತಾರೆ, ಅಷ್ಟೇ.

ಇನ್ನು ದೀಪಾವಳಿ ಮುಂದೆ ಬರುತ್ತವಲ್ಲ, ತಿಂಗಳಿಗೆ ಸಾವಿರ ಕಟ್ಟಿ, ನಂಬರು ಬಂದವರಿಗೆ ಬೈಕು, ಆಮೇಲೆ ಅವರು ಕಟ್ಟುವುದು ಬೇಡ ಎನ್ನುವ ಲಕ್ಕಿ ಡ್ರಾ ಸ್ಕೀಮು. ಅದು ಚೀಟಿಯೇ ಅಲ್ಲ. 1978ರ ಕಾಯ್ದೆಯಲ್ಲಿ ಅದನ್ನು ನಿಷೇಧಿಸಿಯೇ ಬಿಟ್ಟಿದ್ದಾರೆ. ಅದರ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ.

ಈಗ ಸೊಸೈಟಿಗೆ ಬರೋಣ. ನಿಮ್ಮಲ್ಲಿ ಹೆಚ್ಚಿನವರ ನಿವೃತ್ತಿ ರೊಕ್ಕ ಇರುವುದು ಅಲ್ಲೇ, ಅಲ್ವಾ?

ಸಹಕಾರದ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಹೆಮ್ಮೆ ಇದೆ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದರು. 1904ರಲ್ಲಿ ಬ್ರಿಟಿಷರು ಕಾಯ್ದೆ ತಂದ ಮರುವರ್ಷವೇ. ಇದನ್ನು ಭಾಷಣಗಳಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಒಂದು ಮಾತು ಬಿಟ್ಟುಬಿಡುತ್ತಾರೆ. ಆ ಕಾಲದ ಹಳ್ಳಿ ಸಂಘಗಳಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆ ಇತ್ತು. ಸಂಘ ಮುಳುಗಿದರೆ ಪ್ರತಿ ಸದಸ್ಯನ ಹೊಲ, ಮನೆಯ ಮೇಲೂ ಸಾಲ ಬರುತ್ತಿತ್ತು. ಹಾಗಾಗಿ ಪಕ್ಕದ ಮನೆಯವನು ಸಾಲ ಕೇಳಿದರೆ, "ಅವನ ಹೊಲದಾಗ ಈ ಸಲ ಏನು ಬಂದದ" ಎಂದು ಇಡೀ ಊರೇ ತಪಾಸಣೆ ಮಾಡುತ್ತಿತ್ತು. ನನ್ನಂಥ ಆಡಿಟರ್ ಬೇಕಾಗಿರಲಿಲ್ಲ.

ಇವತ್ತು ಹೇಗಿದೆ ನೋಡಿ. ಪಿಗ್ಮಿ ಏಜೆಂಟ್ ಅಂಗಡಿಗೆ ಬರುತ್ತಾನೆ. ಪರಿಚಯದ ಹುಡುಗ. "ಕಾಕಾ, ನಮ್ಮ ಸೊಸೈಟಿಯಾಗ ಹನ್ನೊಂದು ಪರ್ಸೆಂಟ್ ಕೊಡ್ತಾರ್ರೀ" ಎನ್ನುತ್ತಾನೆ. ನೂರೋ ಇನ್ನೂರೋ ತೆಗೆದುಕೊಂಡು ಒಂದು ಫಾರ್ಮಿಗೆ ಸಹಿ ಹಾಕಿಸುತ್ತಾನೆ. ನೀವು ಶೇರುದಾರ ಆದೆ ಎಂದುಕೊಳ್ಳುತ್ತೀರಿ. ಫಾರ್ಮ್ ಓದಿದರೆ "ನಾಮಮಾತ್ರ ಸದಸ್ಯ" ಎಂದಿರುತ್ತದೆ. ಅಂದರೆ ನಿಮಗೆ ಮತ ಇಲ್ಲ. ಆಡಳಿತ ಮಂಡಳಿಯನ್ನು ಆರಿಸುವವರು ಬೇರೆ, ರೊಕ್ಕ ಇಡುವವರು ಬೇರೆ. ಇಂಥ ನಾಮಮಾತ್ರ ಸದಸ್ಯರಿಂದ ಠೇವು ಎತ್ತುವುದು ಬ್ಯಾಂಕ್ ವ್ಯವಹಾರ ಮಾಡಿದಂತೆಯೇ ಎಂದು ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತ್ತು. ಅದಕ್ಕೇ ಮೊದಲು ನಿಮ್ಮ ಸದಸ್ಯತ್ವ ಯಾವ ಬಗೆಯದು ಎಂದು ನೋಡಿ.

ಆಮೇಲೆ ಬೋರ್ಡು ಓದಿ. ಹುಬ್ಬಳ್ಳಿಯ ದುರ್ಗದಬೈಲಿನಿಂದ ಕೊಪ್ಪಿಕರ ರಸ್ತೆಯವರೆಗೆ ನಡೆದರೆ ಸಾಕು, ಸಹಕಾರ ಎನ್ನುವ ಶಬ್ದ ಹತ್ತು ಬೋರ್ಡಿನಲ್ಲಿ ಸಿಗುತ್ತದೆ. ನೋಡಲು ಎಲ್ಲ ಒಂದೇ. ಒಳಗೆ ಬೇರೆ ಬೇರೆ. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕು ಒಂದು ಬಗೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪತ್ತಿನ ಸಂಘ ಇನ್ನೊಂದು. 1997ರ ಸೌಹಾರ್ದ ಕಾಯ್ದೆಯದು ಮತ್ತೊಂದು. 2002ರ ಬಹುರಾಜ್ಯ ಕಾಯ್ದೆಯದು ನಾಲ್ಕನೆಯದು. ಅದರ ನಿಬಂಧಕರು ದೆಹಲಿಯಲ್ಲಿ ಕೂತಿರುತ್ತಾರೆ, ನಮ್ಮ ಜಿಲ್ಲಾ ಕಚೇರಿಗೆ ಅದರ ಮೇಲೆ ಹಿಡಿತ ಇರುವುದಿಲ್ಲ.

ಈ ನಾಲ್ಕರಲ್ಲಿ ಠೇವಿಗೆ ವಿಮೆ ಇರುವುದು ಬ್ಯಾಂಕಿಗೆ ಮಾತ್ರ. ಡಿಐಸಿಜಿಸಿ ಎನ್ನುವ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ ಐದು ಲಕ್ಷದವರೆಗೆ ಕೊಡುತ್ತದೆ. 2020ರ ಫೆಬ್ರವರಿಗೆ ಮೊದಲು ಇದು ಒಂದೇ ಲಕ್ಷ ಇತ್ತು. ಪತ್ತಿನ ಸಂಘಕ್ಕೆ ಈ ವಿಮೆ ಇಲ್ಲ. ಸೌಹಾರ್ದ ಸಂಘಕ್ಕೂ ಇಲ್ಲ, ಬಹುರಾಜ್ಯ ಸಂಘಕ್ಕೂ ಇಲ್ಲ. ಹಾಗೆಂದು ಸೌಹಾರ್ದ ಎಂಬ ಶಬ್ದ ಕಂಡ ಕೂಡಲೇ ವಿಮೆ ಇಲ್ಲ ಎನ್ನುವಂತೆಯೂ ಇಲ್ಲ. ಸೌಹಾರ್ದ ಕಾಯ್ದೆಯಲ್ಲಿ ನೋಂದಣಿಯಾಗಿ ಬ್ಯಾಂಕ್ ಲೈಸೆನ್ಸ್ ಪಡೆದವೂ ಇವೆ. ಅದಕ್ಕೆ ಹೆಸರು ನಂಬಬೇಡಿ. ಮೊಮ್ಮಕ್ಕಳ ಕೈಯಲ್ಲಿ dicgc.org.in ತೆಗೆಸಿ, ವಿಮೆ ಇರುವ ಬ್ಯಾಂಕುಗಳ ಪಟ್ಟಿಯಲ್ಲಿ ನಿಮ್ಮದರ ಹೆಸರು ಅಕ್ಷರಶಃ ಇದೆಯಾ ನೋಡಿ. ಇದ್ದರೆ ಐದು ಲಕ್ಷದೊಳಗಿನ ಠೇವಿಗೆ ನಾನು ಇಲ್ಲಿಂದ ಮುಂದೆ ಹೇಳುವುದು ಅಷ್ಟು ಬೇಕಾಗಿಲ್ಲ. ಚಾ ಕುಡಿಯಲು ಹೋಗಬಹುದು.

ಯಾರೂ ಎದ್ದು ಹೋಗಲಿಲ್ಲ. ಸರಿ, ಮುಂದೆ ಹೋಗೋಣ.

ವಿಮೆ ಇಲ್ಲದ ಸೊಸೈಟಿ ಎಲ್ಲ ಕೆಟ್ಟವು ಎಂದು ನಾನು ಹೇಳುವುದಿಲ್ಲ. ಐವತ್ತು ವರ್ಷದಿಂದ ಒಂದು ಪೈಸೆ ಮುಳುಗಿಸದ ಸಂಘಗಳ ಲೆಕ್ಕ ನಾನೇ ನೋಡಿದ್ದೇನೆ. ಆದರೆ ಅಲ್ಲಿ ನಿಮಗೆ ಆಸರೆ ಆ ಸಂಘದ ಲೆಕ್ಕಪತ್ರ ಒಂದೇ. ಸೆಪ್ಟೆಂಬರಿನಲ್ಲಿ ವಾರ್ಷಿಕ ಸಭೆ ಆಗುತ್ತದೆ. ಒಂದು ವರದಿ ಪುಸ್ತಕ ಕೊಡುತ್ತಾರೆ. ಮುಂದೆ ಅಧ್ಯಕ್ಷರ ಫೋಟೋ, ಹಿಂದೆ ಜಾಹೀರಾತು. ನಡುವಿನ ಎರಡು ಹಾಳೆ ಅಢಾವೆ ಪತ್ರಿಕೆ, ಅಂದರೆ ಬ್ಯಾಲೆನ್ಸ್ ಶೀಟು. ನಾವು ಫೋಟೋ ನೋಡಿ, ಊಟ ಮಾಡಿ, ಪುಸ್ತಕವನ್ನು ಮನೆಯಲ್ಲಿ ಡಬ್ಬಿ ಕೆಳಗೆ ಹಾಸುತ್ತೇವೆ.

ಆ ಎರಡು ಹಾಳೆ ಓದುವುದು ಹೇಗೆ ಎಂದು ತೋರಿಸುತ್ತೇನೆ. ಅಂಕಿಗಳು ನಾನೇ ಕಟ್ಟಿದವು. ಆದರೆ ಇದೇ ಆಕಾರದ ಲೆಕ್ಕ ನಾನು ಕಂಡದ್ದು ಒಂದೆರಡು ಸಲ ಅಲ್ಲ.

ಒಂದು ಸೊಸೈಟಿ. ಠೇವು 18 ಕೋಟಿ. ಶೇರು 60 ಲಕ್ಷ, ಕಾಯ್ದಿಟ್ಟ ನಿಧಿ 40 ಲಕ್ಷ. ಈ ಕಡೆ ಕೊಟ್ಟ ಸಾಲ 15 ಕೋಟಿ 40 ಲಕ್ಷ. ಕೈಯಲ್ಲಿನ ನಗದು, ಬ್ಯಾಂಕಿನಲ್ಲಿಟ್ಟದ್ದು ಎರಡೂ ಸೇರಿ 1 ಕೋಟಿ 20 ಲಕ್ಷ. ಬರತಕ್ಕ ಬಡ್ಡಿ 1 ಕೋಟಿ 90 ಲಕ್ಷ. ಉಳಿದದ್ದು ಕಟ್ಟಡ, ಕಪಾಟು, ಇತ್ಯಾದಿ. ಈ ವರ್ಷದ ಲಾಭ 20 ಲಕ್ಷ. ಶೇರುದಾರರಿಗೆ ಲಾಭಾಂಶ ಘೋಷಣೆ ಆಗಿದೆ, ಸಭೆಯಲ್ಲಿ ಚಪ್ಪಾಳೆಯೂ ಬಿದ್ದಿದೆ.

ಮೊದಲು ಸ್ವಂತ ರೊಕ್ಕ ನೋಡಿ. ಶೇರು ಮತ್ತು ನಿಧಿ ಕೂಡಿದರೆ ಒಂದು ಕೋಟಿ. ಠೇವು ಅದರ ಹದಿನೆಂಟು ಪಟ್ಟು. ಸಾಲದಲ್ಲಿ ಹಾನಿ ಆದರೆ ಮೊದಲು ಹೋಗುವುದು ಈ ಒಂದು ಕೋಟಿ. ಅದು ಮುಗಿದ ಮೇಲೆ ಹೋಗುವುದು ನಿಮ್ಮದು. ಬಹುರಾಜ್ಯ ಕಾಯ್ದೆಯಲ್ಲಿ ಠೇವು, ಹೊರಗಿನ ಸಾಲ ಎರಡೂ ಸೇರಿ ಸ್ವಂತ ರೊಕ್ಕದ ಹತ್ತು ಪಟ್ಟು ಮೀರಬಾರದು ಎಂಬ ಮಿತಿ ಇದೆ. ಬೇರೆ ಸಂಘ ಆದರೂ ನಾನು ಆ ಹತ್ತನ್ನು ಅಳತೆಕೋಲಿನಂತೆ ಬಳಸುತ್ತೇನೆ. ಹದಿನೆಂಟು ಎಂದರೆ ಗೋಡೆ ತೆಳ್ಳಗಿದೆ.

ಆಮೇಲೆ ಕಟಬಾಕಿ, ಅಂದರೆ ವಾಯಿದೆ ಮುಗಿದರೂ ವಸೂಲಾಗದ ಸಾಲ. ಇದನ್ನು ಕೆಲವರು ಅಢಾವೆಯಲ್ಲಿ ಹಾಕುವುದಿಲ್ಲ, ಆಡಳಿತ ವರದಿಯ ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕುತ್ತಾರೆ. ನಮ್ಮ ಸೊಸೈಟಿಯಲ್ಲಿ ಅದು 4 ಕೋಟಿ 30 ಲಕ್ಷ. ಕೊಟ್ಟ ಸಾಲದಲ್ಲಿ ನೂರಕ್ಕೆ ಇಪ್ಪತ್ತೆಂಟು. ಕಟಬಾಕಿ ಎಲ್ಲ ಮುಳುಗುವುದಿಲ್ಲ, ಅಡವಿಟ್ಟ ಜಾಗ, ಬಂಗಾರ ಇರುತ್ತದೆ. ಆದರೆ ಇದರ ಕಾಲುಭಾಗ ಮುಳುಗಿದರೂ ಸಾಕು, ಆ ಒಂದು ಕೋಟಿ ಖಾಲಿ.

ಈಗ ನನಗೆ ಬಹಳ ಇಷ್ಟವಾದ ಸಾಲಿಗೆ ಬರುತ್ತೇನೆ. ಬರತಕ್ಕ ಬಡ್ಡಿ. ಸಾಲ ತೆಗೆದುಕೊಂಡವನು ಬಡ್ಡಿ ಕಟ್ಟಿಲ್ಲ, ಆದರೂ ಸೊಸೈಟಿ ಅದನ್ನು ಆದಾಯ ಎಂದು ಬರೆದುಕೊಂಡಿದೆ. ಅದೇ ಈ ಸಾಲು. ವರದಿಯಲ್ಲಿ ಹಿಂದಿನ ವರ್ಷದ ಅಂಕಿಯೂ ಪಕ್ಕದಲ್ಲೇ ಇರುತ್ತದೆ. ಹೋದ ವರ್ಷ 1 ಕೋಟಿ 10 ಲಕ್ಷ ಇತ್ತು. ಈ ವರ್ಷ 1 ಕೋಟಿ 90 ಲಕ್ಷ. ಅಂದರೆ 80 ಲಕ್ಷ ಜಾಸ್ತಿಯಾಗಿದೆ. ಲಾಭ ಎಷ್ಟು ತೋರಿಸಿದ್ದಾರೆ? 20 ಲಕ್ಷ. ಆ 80 ಲಕ್ಷ ಕೈಗೇ ಬಂದಿಲ್ಲವಲ್ಲ! ಅದನ್ನು ತೆಗೆದರೆ ಲಾಭ ಎಲ್ಲಿ ಉಳಿಯಿತು? 60 ಲಕ್ಷ ಹಾನಿ. ಹಾಗಾದರೆ ಲಾಭಾಂಶ ಎಲ್ಲಿಂದ ಕೊಡುತ್ತಾರೆ? ಹೊಸದಾಗಿ ಠೇವು ಇಟ್ಟವರ ರೊಕ್ಕದಿಂದ.

ಲೆಕ್ಕ ಓದಲು ಬರದವರೂ ಈ ಒಂದು ಕಳೆಯುವ ಲೆಕ್ಕ ಮಾಡಬಹುದು. ಈ ವರ್ಷದ ಬರತಕ್ಕ ಬಡ್ಡಿಯಲ್ಲಿ ಹೋದ ವರ್ಷದ್ದು ಕಳೆಯಿರಿ. ಬಂದದ್ದು ಲಾಭಕ್ಕಿಂತ ದೊಡ್ಡದಿದ್ದರೆ ಹುಷಾರು. ಸೊಸೈಟಿ ಜೋರಾಗಿ ಬೆಳೆಯುವಾಗ, ಬೆಳೆ ಸಾಲದ ಬಡ್ಡಿ ಸುಗ್ಗಿಗೆ ಬರುವುದಿದ್ದಾಗ ಸ್ವಲ್ಪ ಏರುವುದು ಸಹಜ. ವರ್ಷ ವರ್ಷ ಏರುತ್ತಲೇ ಹೋದರೆ ಅದು ಸುಗ್ಗಿಯ ಮಾತಲ್ಲ.

ಕೊನೆಗೆ ನಗದು. 18 ಕೋಟಿ ಠೇವಿಗೆ ಕೈಯಲ್ಲಿರುವುದು 1 ಕೋಟಿ 20 ಲಕ್ಷ. ನಿಮ್ಮ ನೂರು ರೂಪಾಯಿಗೆ ಏಳು ರೂಪಾಯಿಯೂ ಇಲ್ಲ. ದೊಡ್ಡ ಠೇವಿನ ಹತ್ತು ಜನ ಒಂದೇ ವಾರ ಕೌಂಟರಿಗೆ ಬಂದರೆ ಮುಗಿಯಿತು.

ಒಬ್ಬರು ನನ್ನನ್ನು ಕೇಳಿದ್ದರು, "ಅಷ್ಟು ಬಡ್ಡಿ ಹೆಂಗ ಕೊಡ್ತಾರ್ರೀ ಸರ, ಬ್ಯಾಂಕಿನವರಿಗೆ ಆಗಲಾರದ್ದು?" ಒಳ್ಳೆಯ ಪ್ರಶ್ನೆ. ಠೇವಿಗೆ ಹನ್ನೊಂದು ಕೊಟ್ಟರು. ಪಿಗ್ಮಿ ಕಮಿಷನ್, ಸಿಬ್ಬಂದಿ ಸಂಬಳ, ಬಾಡಿಗೆ ಸೇರಿ ಇನ್ನೊಂದು ಮೂರ್ನಾಲ್ಕು. ಅಲ್ಲಿಗೆ ಹದಿನೈದು ಆಯಿತು. ಸಾಲ ಹದಿನಾರಕ್ಕೆ ಕೊಟ್ಟರೆ ಮಾತ್ರ ಸೊಸೈಟಿ ಬದುಕುತ್ತದೆ. ಬ್ಯಾಂಕಿನಲ್ಲಿ ಹತ್ತು ಹನ್ನೊಂದಕ್ಕೆ ಸಾಲ ಸಿಗುವಾಗ ಹದಿನಾರಕ್ಕೆ ಯಾರು ಬರುತ್ತಾರೆ? ಬ್ಯಾಂಕು ಆಗಲ್ಲ ಎಂದು ಕಳಿಸಿದವರು. ಅವರಲ್ಲಿ ಪ್ರಾಮಾಣಿಕರೂ ಇದ್ದಾರೆ, ಕಾಗದ ಸರಿಯಿಲ್ಲದ ಸಣ್ಣ ವ್ಯಾಪಾರಿಗಳು. ಮರಳಿ ಕೊಡುವ ಮನಸ್ಸೇ ಇಲ್ಲದವರೂ ಇದ್ದಾರೆ. ಇಬ್ಬರನ್ನೂ ಬೇರೆ ಮಾಡಿ ನೋಡುವ ಕಣ್ಣು ಆಡಳಿತ ಮಂಡಳಿಗೆ ಇದೆಯಾ ಎನ್ನುವುದರ ಮೇಲೆ ನಿಮ್ಮ ಹನ್ನೊಂದು ಪರ್ಸೆಂಟ್ ನಿಂತಿದೆ.

ಇಷ್ಟೆಲ್ಲ ಹೇಳಿ ಒಂದು ತಪ್ಪೊಪ್ಪಿಗೆ. ಪುಸ್ತಕದ ಅಂಕಿಯೇ ಸುಳ್ಳಾಗಿದ್ದರೆ ಈ ಲೆಕ್ಕ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಸುಳ್ಳು ಹೇಳುವ ಜಾಗಗಳು ಕೆಲವೇ. ಮಾರ್ಚ್ 31ರ ಹಿಂದುಮುಂದಿನ ದಿನಗಳಲ್ಲಿ ಹಳೆಯ ಸಾಲ ಮುಚ್ಚಿ, ಅದೇ ಮನುಷ್ಯನಿಗೆ ಬಡ್ಡಿ ಸೇರಿಸಿ ಹೊಸ ಸಾಲ ಬರೆಯುತ್ತಾರೆ. ಕಟಬಾಕಿ ಕಾಗದದಲ್ಲಿ ಮಾಯ. ನಿರ್ದೇಶಕರ ಸಂಬಂಧಿಕರ ಹೆಸರಿನಲ್ಲಿ, ಅವರ ಅಂಗಡಿ ಆಳಿನ ಹೆಸರಿನಲ್ಲಿ ಸಾಲ ತೆಗೆಯುತ್ತಾರೆ. ಇಲ್ಲದ ಬ್ಯಾಂಕ್ ಠೇವನ್ನು ಗುಂತಾವಣೆ, ಅಂದರೆ ಹೂಡಿಕೆ, ಎಂದು ತೋರಿಸಿದ್ದನ್ನೂ ನೋಡಿದ್ದೇನೆ. ಆಡಿಟ್ ವರ್ಗ 'ಅ' ಬಂದಿದೆ ಎಂದು ಬೋರ್ಡಿಗೆ ಬರೆಸುತ್ತಾರೆ. ನಾನೇ 'ಅ' ಕೊಟ್ಟ ಒಂದು ಸಂಘ ಎರಡು ವರ್ಷದಲ್ಲಿ ಕುಂಟಿತು. ಆ ಹಾಳೆಗಳನ್ನು ಈಗಲೂ ಕನಸಿನಲ್ಲಿ ತಿರುವುತ್ತೇನೆ. ಈಗಂತೂ ಆಡಿಟರನ್ನು ಇಲಾಖೆಯ ಪಟ್ಟಿಯಿಂದ ಆರಿಸುವುದು ಸಂಘದ ಸಾಮಾನ್ಯ ಸಭೆಯೇ. ಆ ಸಭೆಯಲ್ಲಿ ಯಾರು ಕೈ ಎತ್ತುತ್ತಾರೆ ನಿಮಗೆ ಗೊತ್ತಿದೆ.

ಅದಕ್ಕೇ ವರದಿ ಪುಸ್ತಕದ ಜೊತೆಗೆ ಪೂರ್ತಿ ಆಡಿಟ್ ವರದಿ ಓದಬೇಕು. ಪುಸ್ತಕದಲ್ಲಿ ಅಚ್ಚಾಗುವುದು ಅದರ ಸಣ್ಣ ತುಣುಕು. ಆಡಿಟರ್ ಎತ್ತಿದ ಆಕ್ಷೇಪಗಳು, ನಿರ್ದೇಶಕರ ಮತ್ತು ಅವರ ಮನೆಯವರ ಸಾಲ, ದೊಡ್ಡ ಕಟಬಾಕಿದಾರರು ಇರುವುದು ಪೂರ್ತಿ ವರದಿಯಲ್ಲಿ. ಸೊಸೈಟಿಯವರು ಕೊಡುವುದಿಲ್ಲ ಎನ್ನಬಹುದು. ಮಾಹಿತಿ ಹಕ್ಕು ಹಾಕುತ್ತೇನೆ ಎಂದರೆ, "ನಮಗ ಅದು ಬರೂದಿಲ್ರೀ" ಎನ್ನುತ್ತಾರೆ. ಆ ಮಾತು ಬಹುಮಟ್ಟಿಗೆ ನಿಜ. ಕೇರಳದ ಒಂದು ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್, ಸಹಕಾರ ಸಂಘ ತಾನಾಗಿಯೇ ಸಾರ್ವಜನಿಕ ಪ್ರಾಧಿಕಾರ ಆಗುವುದಿಲ್ಲ ಎಂದಿತು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ನಿಬಂಧಕರು ಸಾರ್ವಜನಿಕ ಪ್ರಾಧಿಕಾರ. ಕಾನೂನಿನ ಪ್ರಕಾರ ಅವರು ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ಅವರ ಕಚೇರಿಯಲ್ಲಿ ಕೇಳಬಹುದು. ಹಾಗಾಗಿ ಅರ್ಜಿ ಸೊಸೈಟಿಗೆ ಹಾಕಬೇಡಿ, ಉಪನಿಬಂಧಕರ ಕಚೇರಿಗೆ ಹಾಕಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕಳೆದ ಮೂರು ವರ್ಷದ ಆಡಿಟ್ ವರದಿ, ಮತ್ತು 64ನೆಯ ಕಲಮಿನ ವಿಚಾರಣೆ ಅಥವಾ 65ನೆಯ ಕಲಮಿನ ಪರಿವೀಕ್ಷಣೆ ನಡೆದಿದ್ದರೆ ಅದರ ವರದಿ, ಇಷ್ಟು ಕೇಳಿ. ಈ ಕಲಮುಗಳು 1959ರ ಕಾಯ್ದೆಯವು. ವ್ಯಕ್ತಿಗಳ ಸಾಲದ ವಿವರ ಖಾಸಗಿ ಎಂದು ಕೆಲವು ಭಾಗ ಮುಚ್ಚಿ ಕೊಡಬಹುದು. ಮುಚ್ಚಿಕೊಟ್ಟರೂ ಮೊತ್ತ ಕಾಣುತ್ತದೆ.

ಇನ್ನೊಂದು ಪರೀಕ್ಷೆಗೆ ಕಾಗದವೇ ಬೇಡ. ಮುದ್ದತು ಮುಗಿದ ಒಂದು ಸಣ್ಣ ಠೇವನ್ನು ವಾಪಸ್ ಕೇಳಿ ನೋಡಿ. ನಿಮಗೆ ರೊಕ್ಕ ಬೇಕಾಗಿಲ್ಲದಿದ್ದರೂ ಕೇಳಿ. ಅದೇ ದಿನ ನಿಮ್ಮ ಬ್ಯಾಂಕ್ ಖಾತೆಗೆ ಬಂದರೆ ಒಳ್ಳೆಯದು. "ಅಮಾಸಿ ಆದ ಮ್ಯಾಲೆ ಬರ್ರಿ", "ಮ್ಯಾನೇಜರ್ ಊರಿಗೆ ಹೋಗ್ಯಾರ", "ಬಡ್ಡಿ ಸೇರಿಸಿ ಹೊಸ ಬಾಂಡ್ ಮಾಡಿಕೊಡ್ತೀವಿ, ಅರ್ಧ ಪರ್ಸೆಂಟ್ ಜಾಸ್ತಿ ಹಾಕ್ತೀವಿ" ಎಂದರೆ ನಗದಿಗೆ ತೊಂದರೆ ಶುರುವಾಗಿದೆ. ಮುಳುಗಿದ ಸಂಘಗಳಲ್ಲಿ ಠೇವುದಾರರ ಹೇಳಿಕೆ ತೆಗೆದುಕೊಳ್ಳುವಾಗ ನಾನು ಕೇಳಿದ್ದು ಹೆಚ್ಚು ಕಡಿಮೆ ಇದೇ ಮೂರು ಮಾತು. ಪಿಗ್ಮಿ ವಿಷಯದಲ್ಲಿ ಇನ್ನೂ ಸುಲಭ. ಏಜೆಂಟ್ ಬರೆದುಕೊಟ್ಟ ಪಾಸ್‌ಬುಕ್ ಮತ್ತು ಕಚೇರಿಯ ಖಾತೆ ಎರಡೂ ತಾಳೆ ಆಗುತ್ತವೆಯಾ ಎಂದು ಮೂರು ತಿಂಗಳಿಗೊಮ್ಮೆ ಕೌಂಟರಿಗೇ ಹೋಗಿ ನೋಡಿ. ಹುಡುಗ ಎಷ್ಟೇ ಪರಿಚಯದವನಾಗಿರಲಿ.

ಕೆಟ್ಟೇ ಹೋಗಿದ್ದರೆ ಏನು ಮಾಡುವುದು? ಚುಟುಕಾಗಿ ಹೇಳುತ್ತೇನೆ. ಬೇಡಿಕೆಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. 1959ರ ಕಾಯ್ದೆಯ ಸಂಘ ಆದರೆ 70ನೆಯ ಕಲಮಿನಲ್ಲಿ ನಿಬಂಧಕರ ಮುಂದೆ ದಾವೆ ಇದೆ. ಮೋಸ ಕಂಡರೆ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇದೆ, ಅದರಲ್ಲಿ ಆಸ್ತಿ ಜಪ್ತಿ ಮಾಡಿ ಹಂಚುವ ದಾರಿ ಇದೆ. ಬಹುರಾಜ್ಯ ಸಂಘ ಆದರೆ 2023ರ ತಿದ್ದುಪಡಿಯಿಂದ ದೂರು ಕೇಳುವ ಸಹಕಾರ ಒಂಬುಡ್ಸ್‌ಮನ್ ಇದ್ದಾರೆ. ಎಲ್ಲವೂ ಇವೆ. ಆದರೆ ಎಲ್ಲಕ್ಕೂ ವರ್ಷಗಟ್ಟಲೆ ಹಿಡಿಯುತ್ತದೆ. ಮೊದಲು ಜಪ್ತಿ, ಆಮೇಲೆ ಹರಾಜು, ಆಮೇಲೆ ಹಂಚಿಕೆ. ರೂಪಾಯಿಗೆ ಎಷ್ಟು ಪೈಸೆ ಬರುತ್ತದೆ ಎನ್ನುವುದು ಅಡವಿಟ್ಟ ಆಸ್ತಿ ಎಷ್ಟಕ್ಕೆ ಹೋಗುತ್ತದೆ ಎನ್ನುವುದರ ಮೇಲೆ.

ಮಾತು ಮುಗಿದ ಮೇಲೆ ಒಬ್ಬ ನಿವೃತ್ತ ಶಿಕ್ಷಕಿ ಹತ್ತಿರ ಬಂದರು. ಕೈಚೀಲದಿಂದ ಒಂದು ವರದಿ ಪುಸ್ತಕ ತೆಗೆದರು. "ಸರ, ನೀವು ಹೇಳಿದ್ದು ಕೇಳಿ ಎದಿ ಧಸಕ್ ಅಂತು. ಮೂರು ಲಕ್ಷ ಇಟ್ಟೀನ್ರೀ ಇದರಾಗ. ಮೂರು ವರ್ಷದ ಬಾಂಡು. ಒಂದು ವರ್ಷ ಆಗೇದ."

ಇಬ್ಬರೂ ಕೂತು ನೋಡಿದೆವು. ಬರತಕ್ಕ ಬಡ್ಡಿ ಒಂದೇ ವರ್ಷದಲ್ಲಿ ಒಂದೂವರೆ ಪಟ್ಟು ಆಗಿತ್ತು. ಏರಿದ ಮೊತ್ತ ಲಾಭದ ಮೂರು ಪಟ್ಟಿಗಿಂತ ಜಾಸ್ತಿ. ಕಟಬಾಕಿಯ ಅಂಕಿ ಪುಸ್ತಕದಲ್ಲಿ ಎಲ್ಲೂ ಸಿಗಲಿಲ್ಲ.

"ಅವಧಿ ಮೊದಲ ತಗದ್ರ ಬಡ್ಡಿ ಕಡಿಮಿ ಮಾಡ್ತಾರಲ್ರೀ" ಎಂದರು. ಬಾಂಡಿನ ಹಿಂಭಾಗ ಓದಿದೆ. ಒಂದು ವರ್ಷಕ್ಕೆ ಮುರಿದರೆ ಹನ್ನೊಂದರ ಬದಲು ಎಂಟು ಪರ್ಸೆಂಟ್. ಅಂದರೆ 33,000 ಬರುವ ಕಡೆ 24,000. ಒಂಬತ್ತು ಸಾವಿರ ಹೋಗುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ, ಮೇಲೆ ಒಂಬತ್ತು ಸಾವಿರ, ಕೆಳಗೆ ಮೂರು ಲಕ್ಷ. ಆಯಮ್ಮ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪುಸ್ತಕ, ಚೀಟಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು, "ಸೋಮವಾರ ಎಷ್ಟಕ್ಕ ತಗೀತಾರ್ರೀ ಅವರ ಆಫೀಸು?" ಎಂದು ಕೇಳಿದರು.